ಅತ್ತಿಗೆಯ ಎಡಗೈ

ಕೈ ಹೋದ ಮೇಲೆ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟರು. ಅಣ್ಣನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಕಾಫಿ ಒಣಗಿಸುವ ಕಣ ಒಂದೇ, ದಿನಕ್ಕೆ ಹತ್ತು ಸಲ ಎದುರಾಗುತ್ತಿದ್ದೆವು. ನಾನು ಮೂರು ಮಾರು ದೂರದಲ್ಲಿ ನಿಂತಿದ್ದರೂ ಅವರು ನನ್ನ ಹೆಂಡತಿಯ ಕಡೆ ತಿರುಗಿ, "ನಿನ್ ಗಂಡಂಗೆ ಹೇಳು, ಬೈಕು ದಾರೀಲಿ ನಿಲ್ಸವ್ನೆ, ತೆಗೀಲಿ" ಎನ್ನುತ್ತಿದ್ದರು. ನನ್ನ ಹೆಂಡತಿ ಅದನ್ನು ನನಗೆ ಮತ್ತೊಮ್ಮೆ ಹೇಳುತ್ತಿದ್ದಳು. ನಾನೂ ಹಟಕ್ಕೆ ಬಿದ್ದು, "ತೆಗೀತೀನಿ ಅಂತ ಹೇಳು" ಎನ್ನುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು. ನನ್ನ ಹೆಂಡತಿಗೆ ನಮ್ಮಿಬ್ಬರ ಮೇಲೂ ಸಿಟ್ಟಿತ್ತು.

ಕೈ ಹೋದದ್ದು ಪಲ್ಪರಿನಲ್ಲಿ. ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರದ ಬಾಯಿಗೆ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಹಣ್ಣು ಒಳಗೆ ಹೋಗಬೇಕು, ಕೈ ಹೋಗಬಾರದು, ಅದಕ್ಕೆ. ಆದರೆ ಹಣ್ಣಿನ ಜೊತೆ ಎಲೆ, ತೊಟ್ಟು ಬಂದರೆ ಜಾಲರಿಯಲ್ಲಿ ಸಿಕ್ಕಿಕೊಂಡು ಕೆಲಸ ನಿಲ್ಲುತ್ತದೆ. ಕುಂದೂರಿನಿಂದ ಆಲೂರಿನವರೆಗೆ ಯಾವ ಸಣ್ಣ ಬೆಳೆಗಾರನ ಪಲ್ಪರನ್ನಾದರೂ ಹೋಗಿ ನೋಡಿ, ಜಾಲರಿ ಇದ್ದರೆ ನನ್ನ ಕಿವಿ ಹಿಡಿಯಿರಿ. ಎಲ್ಲರೂ ಬಿಚ್ಚಿಸುತ್ತಾರೆ. ಪಂಪು, ಸ್ಪ್ರೇಯರ್, ಪಲ್ಪರ್ ರಿಪೇರಿ ಮಾಡುವ ನನ್ನಂಥವನೇ ಬಿಚ್ಚಿಕೊಡುತ್ತಾನೆ. ಅಣ್ಣ ಹೇಳಿದ, ನಾನು ಬಿಚ್ಚಿ ಗುಜರಿಗೆ ಎಸೆದೆ. ಮೂರನೇ ದಿನ ಹಣ್ಣು ಒತ್ತುತ್ತಿದ್ದ ಅತ್ತಿಗೆಯ ಎಡಗೈಯನ್ನು ಡ್ರಮ್ ಎಳೆದುಕೊಂಡಿತು. ಸ್ವಿಚ್ಚು ಇದ್ದದ್ದು ಕಣದ ಆ ತುದಿಯಲ್ಲಿ. ಅಣ್ಣ ಓಡಿ ಹೋಗಿ ಆರಿಸುವವರೆಗೆ ಅದು ಬಿಡಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಐದೂ ಬೆರಳು, ಅರ್ಧ ಅಂಗೈ ತೆಗೆದರು. ಮಣಿಕಟ್ಟು ಉಳಿಯಿತು.

ತಪ್ಪು ನನ್ನೊಬ್ಬನದೇ ಎಂದು ಆಗ ನಾನು ಒಪ್ಪಲಿಲ್ಲ. ಬಿಚ್ಚು ಎಂದವನು ಅಣ್ಣ, ಬಿಚ್ಚಿದ ಮೇಲೂ ಕೋಲಿನಲ್ಲಿ ಒತ್ತಿ ಎಂದಿದ್ದವನು ನಾನು. ಅಣ್ಣನ ಮೇಲೆ ಇಲ್ಲದ ಕೋಪ ನನ್ನ ಮೇಲೆ ಯಾಕೆ ಎಂದು ಹೆಂಡತಿಯ ಹತ್ತಿರ ಕೂಗಾಡಿದ್ದೇನೆ. ಅವಳು, "ಗಂಡನ ಮ್ಯಾಲೆ ಕೋಪ ಮಾಡ್ಕಂಡ್ರೆ ಮನೇಲಿ ಬಾಳೋದು ಹೆಂಗೆ? ನೀವು ಸಿಕ್ಕಿದ್ರಿ" ಎಂದಳು. ಆ ಮಾತು ನನಗೆ ಇವತ್ತಿಗೂ ಇಷ್ಟವಾಗಿಲ್ಲ, ಸುಳ್ಳು ಅನ್ನಲೂ ಆಗಿಲ್ಲ.

ಆಸ್ಪತ್ರೆಯವರು ಒಂದು ರಬ್ಬರ್ ಕೈ ಕೊಟ್ಟಿದ್ದರು. ನೋಡಲು ಕೈಯಂತೆಯೇ ಇತ್ತು, ಉಗುರು ಕೂಡ ಇತ್ತು, ಬೆರಳು ಮಾತ್ರ ಅಲ್ಲಾಡುತ್ತಿರಲಿಲ್ಲ. ಅತ್ತಿಗೆ ಅದನ್ನು ಒಂದು ಮದುವೆಗೆ ಹಾಕಿಕೊಂಡು ಹೋಗಿ ಬಂದು ಟ್ರಂಕಿಗೆ ಹಾಕಿದರು. ಅವರಿಗೆ ಬೇಕಾಗಿದ್ದದ್ದು ಮುಯ್ಯಿಗೆ ಹೋಗುವ ಕೈ. ನಮ್ಮಲ್ಲಿ ಆಳು ಸಿಗುವುದಿಲ್ಲ, ಅದಕ್ಕೆ ಆರೇಳು ಮನೆಯ ಹೆಂಗಸರು ಸೇರಿ ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರ ತೋಟ ಎಂದು ಹಣ್ಣು ಕುಯ್ಯುತ್ತಾರೆ. ನಿಮ್ಮ ತೋಟಕ್ಕೆ ಆರು ಜನ ಬಂದರೆ ನೀವೂ ಆರು ತೋಟಕ್ಕೆ ಹೋಗಿ ಮುಯ್ಯಿ ತೀರಿಸಬೇಕು. ಕೈ ಹೋದ ವರ್ಷ ಅವರೆಲ್ಲ ಅತ್ತಿಗೆಯ ತೋಟಕ್ಕೆ ಬಂದು ಕುಯ್ದುಕೊಟ್ಟು, "ನೀನ್ ಬರ್ಬ್ಯಾಡ ಬುಡಕ್ಕ, ಕೂತ್ಕಂಡು ಅಡಿಗೆ ಮಾಡು ಸಾಕು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅತ್ತಿಗೆ ಅವತ್ತು ಊಟ ಮಾಡಲಿಲ್ಲವಂತೆ. ಮುಂದಿನ ಕುಯ್ಲಿಗೂ ಇದೇ ಆದರೆ ತೋಟಕ್ಕೆ ಯಾರೂ ಬರುವುದು ಬೇಡ, ಹಣ್ಣು ಉದುರಿ ಹೋಗಲಿ ಎಂದು ಅಣ್ಣನಿಗೆ ಹೇಳಿದರಂತೆ. ಹೇಳಿದ್ದನ್ನು ಮಾಡುವ ಹೆಂಗಸು ಅವರು.

ನನ್ನ ಅಂಗಡಿಯಲ್ಲಿ ಒಂದು ಪ್ರಿಂಟರ್ ಇತ್ತು. ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಪದರದ ಮೇಲೆ ಪದರ ಇಟ್ಟು ವಸ್ತು ಮಾಡುವಂಥದ್ದು. ಸ್ಪ್ರೇಯರಿನ ಒಡೆದ ನಾಬು, ಸಿಗದ ಬುಶ್ಶು ಮಾಡಲು ತಂದಿದ್ದೆ. ಕೈಯ ಬಿಡಿಭಾಗಗಳ ನಕ್ಷೆ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಗೊತ್ತಾದ ದಿನ ನಾನು ಊಟಕ್ಕೂ ಹೋಗಲಿಲ್ಲ. ಉಪಕಾರ ಮಾಡುತ್ತೇನೆ ಎಂಬ ಹುಮ್ಮಸ್ಸಿಗಿಂತ, ಈ ಹೆಂಗಸಿನ ಬಾಯಿ ಮುಚ್ಚಿಸುತ್ತೇನೆ ಎಂಬ ಹುಮ್ಮಸ್ಸೇ ಹೆಚ್ಚಿತ್ತು.

ಅಳತೆ ಬೇಕು ಎಂದು ಹೇಳಿ ಕಳಿಸಿದೆ. ನನ್ನ ಮುಂದೆ ಕೈ ಚಾಚಲು ಅತ್ತಿಗೆ ಒಪ್ಪಲಿಲ್ಲ. ಮರುದಿನ ನನ್ನ ಹೆಂಡತಿ ಬಾಳೆಲೆಯಲ್ಲಿ ಸುತ್ತಿದ ಒಂದು ರಾಗಿಮುದ್ದೆ ತಂದಳು. ಬಿಸಿ ಆರಿದ ಮುದ್ದೆಗೆ ಅತ್ತಿಗೆ ಆ ಕೈ ಒತ್ತಿ ಅಚ್ಚು ಕಳಿಸಿದ್ದರು. ನಾನು ಅಂದೇ ಅಳೆಯಬೇಕಿತ್ತು. ಎರಡು ದಿನ ಬಿಟ್ಟು ಅಳೆದೆ. ಅಷ್ಟರಲ್ಲಿ ಮುದ್ದೆ ಒಣಗಿ ಕುಗ್ಗಿತ್ತು, ಅದರ ಅಳತೆಗೆ ಮಾಡಿದ ಅಂಗೈ ಅವರ ಕೈಗೆ ಹೋಗಲೇ ಇಲ್ಲ. "ನಿನ್ ಗಂಡಂಗೆ ಹೇಳು, ಇದನ್ನ ಯಾವ್ದಾದ್ರು ಸಣ್ ಮಗೀಗೆ ಹಾಕ್ಲಿ" ಎಂದು ವಾಪಸು ಬಂತು. ಕೊನೆಗೆ ಅಣ್ಣನೇ ಅಳತೆಪಟ್ಟಿಯಲ್ಲಿ ಅಳೆದು ಬರೆದುಕೊಟ್ಟ.

ಆ ಕೈಯ ಕೆಲಸ ಕಷ್ಟದ್ದಲ್ಲ. ಪ್ರತಿ ಬೆರಳಿಗೂ ಎರಡು ತುಂಡು, ನಡುವೆ ಪಿನ್ನು. ಬೆರಳಿನ ಬೆನ್ನ ಮೇಲೆ ಒಂದು ಎಲಾಸ್ಟಿಕ್, ಅದು ಬೆರಳನ್ನು ನೆಟ್ಟಗೆ ಬಿಡಿಸಿಡುತ್ತದೆ. ಒಳಬದಿಯಲ್ಲಿ ಒಂದು ತೂತಿನೊಳಗೆ ಮೀನು ಹಿಡಿಯುವ ಗಾಳದ ದಾರ, ಅದು ನಮ್ಮ ಕೈಯ ನರ ಇದ್ದ ಹಾಗೆ. ಐದೂ ದಾರ ಅಂಗೈಯೊಳಗಿಂದ ಬಂದು, ಮಣಿಕಟ್ಟಿನ ಮೇಲ್ಗಡೆಯಿಂದ ಹಾದು, ಮುಂಗೈಗೆ ಬಿಗಿದ ಪಟ್ಟಿಗೆ ಕಟ್ಟಿಕೊಳ್ಳುತ್ತವೆ. ಮಣಿಕಟ್ಟನ್ನು ಕೆಳಗೆ ಬಾಗಿಸಿದರೆ ದಾರ ಬಿಗಿಯಾಗಿ ಬೆರಳು ಮುಚ್ಚುತ್ತದೆ, ನೆಟ್ಟಗೆ ಮಾಡಿದರೆ ತೆರೆಯುತ್ತದೆ. ಮೋಟಾರಿಲ್ಲ, ಬ್ಯಾಟರಿಯಿಲ್ಲ. ಮುಂಗೈ ಪಟ್ಟಿಯನ್ನು ಚಪ್ಪಟೆಯಾಗಿ ಪ್ರಿಂಟ್ ಮಾಡಿ, ಬಚ್ಚಲ ಹಂಡೆಯ ಕುದಿನೀರಲ್ಲಿ ಅದ್ದಿ, ಮೆತ್ತಗಾದಾಗ ಅಣ್ಣನ ಮುಂಗೈ ಮೇಲೆ ಬಟ್ಟೆ ಸುತ್ತಿ ಬಾಗಿಸಿದೆ. ಅವನು ಬೊಬ್ಬೆ ಹೊಡೆದದ್ದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಮರದ ಹಿಡಿಯೊಂದಕ್ಕೆ ಸಿಕ್ಕಿಸಿ ನಾನೇ ತೊಟ್ಟು ನೋಡಿದ ಮೊದಲ ಪರೀಕ್ಷೆಯಲ್ಲಿ ನನ್ನ ಹುಮ್ಮಸ್ಸು ಇಳಿಯಿತು. ಸ್ಟೀಲ್ ಲೋಟ ಕೊಟ್ಟರೆ ತೋರುಬೆರಳು ಮೊದಲು ಮುಟ್ಟಿ ನಿಂತುಬಿಡುತ್ತಿತ್ತು, ಅದು ನಿಂತ ಮೇಲೆ ಮಿಕ್ಕ ಬೆರಳುಗಳೂ ಗಾಳಿಯಲ್ಲೇ ನಿಲ್ಲುತ್ತಿದ್ದವು. ನಾಲ್ಕೂ ದಾರವನ್ನು ಒಂದೇ ಕಡೆ ಬಿಗಿದು ಕಟ್ಟಿದ್ದರ ಫಲ. ಅದಕ್ಕೆ ಪರಿಹಾರ ನೊಗದಲ್ಲಿತ್ತು. ಎರಡು ಬೆರಳಿನ ದಾರಕ್ಕೆ ಒಂದು ಸಣ್ಣ ಅಡ್ಡಪಟ್ಟಿ, ಇನ್ನೆರಡಕ್ಕೆ ಇನ್ನೊಂದು, ಎರಡು ಪಟ್ಟಿಗೂ ಸೇರಿ ಒಂದು ದೊಡ್ಡ ಪಟ್ಟಿ, ಅದರ ನಡುವಿನಿಂದ ಒಂದೇ ದಾರ. ಒಂದು ಎತ್ತು ನಿಂತರೆ ನೊಗ ಓರೆಯಾಗಿ ಇನ್ನೊಂದು ಮುಂದೆ ಹೋಗುವ ಹಾಗೆ, ಒಂದು ಬೆರಳು ನಿಂತರೂ ಉಳಿದವು ಬಂದು ಲೋಟವನ್ನು ಸುತ್ತಿಕೊಂಡವು. ಹೆಬ್ಬೆರಳಿಗೆ ಬೇರೆ ದಾರ.

ಹಿಡಿತದ ಬಲ ಅಳೆಯಲು ಹಣ್ಣು ತೂಗುವ ಸ್ಪ್ರಿಂಗ್ ಕಾಟಾ ತಂದೆ. ದಾರವನ್ನು ಎಂಟು ಕೆಜಿಯಷ್ಟು ಎಳೆದರೂ ಬೆರಳ ತುದಿಗಳಲ್ಲಿ ಎಲ್ಲ ಸೇರಿ ಅರ್ಧ ಕೆಜಿ ಬರುತ್ತಿರಲಿಲ್ಲ. ದಾರ ಗೆಣ್ಣಿಗೆ ತೀರ ಹತ್ತಿರದಲ್ಲಿ ಹಾದು ಹೋಗುತ್ತದೆ, ಬೆರಳು ಉದ್ದವಿದೆ, ಆದ್ದರಿಂದ ತುದಿಯಲ್ಲಿ ಬಲ ಕಡಿಮೆಯೇ. ಅದರ ಮೇಲೆ ಪ್ರಿಂಟಾದ ತೂತಿನ ಒಳಮೈ ಒರಟು, ದಾರ ಉಜ್ಜಿ ಉಜ್ಜಿ ಎಳೆತ ತಿನ್ನುತ್ತಿತ್ತು. ತೂತುಗಳಿಗೆ ಡ್ರಿಲ್ ಆಡಿಸಿ, ತಿರುವುಗಳಲ್ಲಿ ಪ್ರಿಂಟರಿನದೇ ನುಣುಪು ಟೆಫ್ಲಾನ್ ಕೊಳವೆ ಕೂರಿಸಿದೆ. ಬೆರಳ ತುದಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ. ಆಮೇಲೆ ನೀರು ತುಂಬಿದ ಲೋಟ ನಿಂತಿತು, ಬಾಟಲಿ ನಿಂತಿತು, ಬೀಗದ ಕೈ ನಿಂತಿತು, ಕೋಳಿಮೊಟ್ಟೆ ಒಡೆಯದೆ ನಿಂತಿತು. ನಾನು ಒಂದು ಪುಸ್ತಕದಲ್ಲಿ ಇಪ್ಪತ್ತು ವಸ್ತುಗಳ ಪಟ್ಟಿ ಮಾಡಿ ಟಿಕ್ ಹಾಕಿದೆ.

ಹಾಸನದ ಆಸ್ಪತ್ರೆಯಲ್ಲಿ ಕೃತಕ ಕೈಕಾಲು ಮಾಡುವವರೊಬ್ಬರಿದ್ದಾರೆ, ಅವರಿಗೆ ತೋರಿಸಿದೆ. ಅವರು ಮುಖ ಸಿಂಡರಿಸಿ, "ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನೀವು ನೀರಿನ ಪಂಪಿನವರು" ಎಂದರು. ಆದರೂ ಒಳಗೆ ದಪ್ಪ ಫೋಮ್ ಹಾಕಬೇಕು, ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಬೇಕು, ತೆಗೆದ ಮೇಲೆ ಚರ್ಮದ ಕೆಂಪು ಹತ್ತು ನಿಮಿಷದಲ್ಲಿ ಹೋಗದಿದ್ದರೆ ಅಲ್ಲಿ ಒತ್ತುತ್ತಿದೆ ಎಂದು ಅರ್ಥ ಎಂದು ಹೇಳಿಕೊಟ್ಟರು. ಅಷ್ಟೂ ಸರಿಯಾದ ಮಾತು. ಅವರ ಮುಖ ಮಾತ್ರ ನನಗೆ ಹಿಡಿಸಲಿಲ್ಲ.

ಕೈ ತೊಡಿಸಿದ್ದು ನನ್ನ ಹೆಂಡತಿ, ನಮ್ಮ ಜಗಲಿಯಲ್ಲಿ. ಅತ್ತಿಗೆ ಮಣಿಕಟ್ಟು ಬಾಗಿಸಿದರು, ಬೆರಳು ಮುಚ್ಚಿತು. ಮತ್ತೆ ಬಾಗಿಸಿದರು. ಮುಖದಲ್ಲಿ ಏನೋ ಒಂದು ಕ್ಷಣ ಬಂದು ಹೋಯಿತು. ನಾನು ಲೋಟ ಮುಂದಿಟ್ಟೆ. ಅವರು ಅದನ್ನು ನೋಡಿ, ನನ್ನ ಹೆಂಡತಿಗೆ, "ಲೋಟ ಹಿಡಿಯೋಕೆ ನಂಗೆ ಬಲಗೈ ಐತೆ ಅಂತ ಹೇಳು. ಮೊಟ್ಟೇನೂ ಬ್ಯಾಡ. ಗಿಡದ ತಾವ ಬರ್ಲಿ" ಎಂದರು.

ಗಿಡದ ಹತ್ತಿರ ಹೋದೆವು. ಹಣ್ಣು ಕುಯ್ಯುವುದು ನೋಡಿದವರಿಗೆ ಬಲಗೈ ಮಾತ್ರ ಕಾಣುತ್ತದೆ. ಅರ್ಧ ಕೆಲಸ ಎಡಗೈಯದು. ಅದು ರೆಂಬೆಯನ್ನು ಬಗ್ಗಿಸಿ ಮುಖದ ಮಟ್ಟಕ್ಕೆ ತಂದು ಹಿಡಿದಿರಬೇಕು, ಬಲಗೈ ಹಣ್ಣು ಬಿಡಿಸುತ್ತಾ ಹೋಗಬೇಕು. ರೋಬಸ್ಟಾ ರೆಂಬೆ ಬಗ್ಗಿಸಿದರೆ ಮೂರು ಕೆಜಿಯಷ್ಟು ವಾಪಸು ಎಳೆಯುತ್ತದೆ. ಅತ್ತಿಗೆ ರೆಂಬೆಯನ್ನು ಬೆರಳುಗಳ ಬುಡಕ್ಕೆ ಕೊಟ್ಟು ಮಣಿಕಟ್ಟು ಬಾಗಿಸಿದರು. ನಿಂತಿತು. ಅದನ್ನು ನಿಲ್ಲಿಸಲು ಮಣಿಕಟ್ಟನ್ನು ಬಾಗಿಸಿಯೇ ಇರಬೇಕು, ಬಿಟ್ಟರೆ ಬೆರಳು ಬಿಡುತ್ತದೆ. ಹತ್ತು ರೆಂಬೆ ಆಗುವಷ್ಟರಲ್ಲಿ ಅವರ ಮುಂಗೈ ನಡುಗುತ್ತಿತ್ತು. ಕೈ ಬಿಚ್ಚಿ ನನ್ನ ಹೆಂಡತಿಯ ಮಡಿಲಿಗೆ ಹಾಕಿ ನಡೆದರು. ನನ್ನ ಇಪ್ಪತ್ತು ಟಿಕ್ಕುಗಳ ಪುಸ್ತಕವನ್ನು ನಾನು ಅವತ್ತು ಒಲೆಗೆ ಹಾಕಬೇಕೆಂದುಕೊಂಡೆ, ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು.

ಅದೇ ವಾರ ಲಾಕು ಮಾಡಿದೆ. ಮುಖ್ಯ ದಾರ ಹೋಗುವ ಜಾಗದಲ್ಲಿ ಹಲ್ಲುಗಳ ಒಂದು ಪಟ್ಟಿ, ಹಲ್ಲಿಗೆ ಕಚ್ಚಿಕೊಳ್ಳುವ ಸಣ್ಣ ನಾಲಿಗೆ. ಮಣಿಕಟ್ಟು ಒಮ್ಮೆ ಬಾಗಿಸಿದರೆ ಟಿಕ್ ಟಿಕ್ ಎಂದು ಬಿಗಿದುಕೊಂಡು ಅಲ್ಲೇ ನಿಲ್ಲುತ್ತದೆ, ಕೈಗೆ ಶ್ರಮವಿಲ್ಲ. ಮೇಲೊಂದು ಗುಂಡಿ, ಬಲಗೈಯಲ್ಲಿ ಒತ್ತಿದರೆ ನಾಲಿಗೆ ಎದ್ದು ಬೆರಳು ತೆರೆಯುತ್ತದೆ. ಲೋಟ ಹಿಡಿಸಿದೆ, ಬಿಡಿಸಿದೆ. ಬಾಟಲಿ, ಬೀಗದ ಕೈ, ಮೊಟ್ಟೆ. ಇಪ್ಪತ್ತಕ್ಕೂ ಟಿಕ್ಕು. ರೆಂಬೆಯನ್ನು ಹಿಡಿಸಿ ನಿಲ್ಲುತ್ತದೆಯೇ ಎಂದು ನೋಡಿದೆ, ನಿಂತಿತು. ಬಿಡುತ್ತದೆಯೇ ಎಂದು ರೆಂಬೆಯ ಮೇಲೆ ನೋಡಲಿಲ್ಲ. ಲೋಟವನ್ನು ಬಿಟ್ಟ ಲಾಕು ರೆಂಬೆಯನ್ನು ಬಿಡದೇ ಇರುತ್ತದೆಯೇ ಎಂದುಕೊಂಡು ಹೆಂಡತಿಯ ಕೈಲಿ ಅತ್ತಿಗೆಗೆ ಕಳಿಸಿಕೊಟ್ಟೆ.

ಕುಯ್ಲು ಶುರುವಾಯಿತು. ಮೊದಲ ಮುಯ್ಯಿ ಅತ್ತಿಗೆಯ ತೋಟದ್ದೇ. ಅತ್ತಿಗೆ ತಲೆಗೆ ಟವೆಲ್ ಸುತ್ತಿ, ಸೊಂಟಕ್ಕೆ ಕುಕ್ಕೆ ಕಟ್ಟಿ ಸಾಲಿಗೆ ನಿಂತದ್ದನ್ನು ನೋಡಿ ಆ ಹೆಂಗಸರು ಸರಿದು ಜಾಗ ಬಿಟ್ಟರು. ಅದೇ ಮರ್ಯಾದೆ. ಮೊದಲ ಗಂಟೆ ನಿಧಾನ, ಎರಡನೇ ಗಂಟೆಗೆ ಪಕ್ಕದವರಿಗೆ ಒಂದೇ ಗಿಡ ಹಿಂದೆ. ಸಣ್ಣ ರೆಂಬೆಗಳಲ್ಲಿ ಗುಂಡಿ ಒತ್ತಿದರೆ ಸ್ವಲ್ಪ ಬಿಗಿಯಾಗಿದ್ದರೂ ಬಿಡುತ್ತಿತ್ತು. ನಾನು ಸಾಲಿನ ಕೊನೆಯಲ್ಲಿ ಪುಸ್ತಕ ಹಿಡಿದು ನಿಂತು ಗೆದ್ದವನ ಹಾಗೆ ಬೀಡಿ ಸೇದುತ್ತಿದ್ದೆ.

ಬೆಳಿಗ್ಗೆ ಫೋನಿನಲ್ಲಿ ಮೆಸೇಜು ಬಂದಿತ್ತು, ಆನೆ ಗುಂಪು ಕೆರೆಯ ಆಚೆ ಇದೆ ಎಂದು. ನಮ್ಮ ಕಡೆ ಅದು ದಿನದ ಮಾತು, ಅದಕ್ಕೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಹನ್ನೊಂದರ ಹೊತ್ತಿಗೆ ತೋಟದ ಕೆಳಗಿನ ಪಟ್ಟೆಯಲ್ಲಿ ಬೈನೆ ಮರ ಮುರಿದ ಸದ್ದಾಯಿತು. ಬೈನೆಯನ್ನು ಹಾಗೆ ಮುರಿಯುವುದು ಒಂದೇ ಪ್ರಾಣಿ. ಮುಂದಿದ್ದ ಹೆಂಗಸು ದನಿ ತಗ್ಗಿಸಿ, "ಬಂದೈತೆ, ಮ್ಯಾಕ್ ನಡೀರಿ" ಎಂದಳು. ಎಲ್ಲರೂ ಕುಕ್ಕೆ ಬಿಟ್ಟು ರಸ್ತೆಯ ಕಡೆ ಏರಿದರು. ನಾನೂ ಏರಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ರಸ್ತೆಗೆ ಬಂದು ತಿರುಗಿ ನೋಡಿದಾಗ ಆರು ಜನ ಇದ್ದರು, ಅತ್ತಿಗೆ ಇರಲಿಲ್ಲ.

ಅವರು ಕೆಳಗೆ ಒಂದು ದಪ್ಪ ರೆಂಬೆಗೆ ಸಿಕ್ಕಿಕೊಂಡು ನಿಂತಿದ್ದರು. ಬಲಗೈಯಲ್ಲಿ ಗುಂಡಿಗೆ ಹೊಡೆಯುತ್ತಿದ್ದರು, ಮೈ ಹಿಂದಕ್ಕೆ ಜಗ್ಗುತ್ತಿದ್ದರು. ಅಣ್ಣನ ಹೆಸರು ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಆಮೇಲೆ ಬಗ್ಗಿ ಮುಂಗೈಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಚ್ಚಿದರು. ಕೈ ಕಳಚಿತು, ರೆಂಬೆ ಚಿಮ್ಮಿ ಮೇಲೆ ಹೋಯಿತು. ಅವರು ಮೇಲೆ ಬಂದಾಗ ತುಟಿಯಲ್ಲಿ ರಕ್ತ ಇತ್ತು. ಆನೆಗಳು ನಮ್ಮನ್ನು ಮೂಸಲೂ ಇಲ್ಲ, ಕೆಳಗಿನಿಂದಲೇ ದಾಟಿ ಹೋದವು. ಗಿಡದ ಮೇಲೆ ಆ ಕೈ ರೆಂಬೆ ಹಿಡಿದು ನೇತಾಡುತ್ತಿತ್ತು.

ಮಧ್ಯಾಹ್ನ, ಗುಂಪು ದೂರ ಹೋಯಿತು ಎಂದು ಗೊತ್ತಾದ ಮೇಲೆ ನಾನು ಹೋಗಿ ಕೈ ತೆಗೆದೆ. ಗುಂಡಿಯನ್ನು ಒಂದು ಬೆರಳಿನಲ್ಲಿ ಮುಟ್ಟಿದೆ. ಬೆಣ್ಣೆಯ ಹಾಗೆ ಬಿಟ್ಟಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ನೇರ ಅಣ್ಣನ ಮನೆಗೆ ಹೋಗಿ, "ನೋಡಿ ಅತ್ಗೆ, ಲಾಕು ಸರಿಯಾಗೇ ಐತೆ, ಒತ್ತಿದ್ರೆ ಬಿಡ್ತೈತೆ. ನೀವು ಗಾಬ್ರೀಲಿ ಸರ್ಯಾಗಿ ಒತ್ತಿಲ್ಲ" ಎಂದೆ. ಅಂದರೆ ತಪ್ಪು ನನ್ನದಲ್ಲ. ಅದನ್ನು ಹೇಳುವುದಕ್ಕೇ ನಾನು ಹೋಗಿದ್ದೆ.

ಅತ್ತಿಗೆ ನನ್ನ ಹೆಂಡತಿಯನ್ನು ಹುಡುಕಲಿಲ್ಲ. ನೇರ ನನ್ನ ಮುಖ ನೋಡಿ, "ಹಾಕ್ಕೋ" ಎಂದರು.

"ಏನು?"

"ಇದನ್ನ ನೀನ್ ಹಾಕ್ಕೋ. ನಡಿ ಗಿಡದ ತಾವ."

ಪರೀಕ್ಷೆಗೆಂದು ನಾನು ಮಾಡಿದ್ದ ಆ ಮರದ ಹಿಡಿ ಇತ್ತು. ಇದ್ದ ಕೈಯಲ್ಲಿ ಅದನ್ನು ಹಿಡಿದು, ಅದರ ಮುಂದೆ ಕೃತಕ ಅಂಗೈ ಸಿಕ್ಕಿಸಿ, ಪಟ್ಟಿಯನ್ನು ಮುಂಗೈಗೆ ಬಿಗಿಯಬಹುದು. ಅದನ್ನು ತಂದು ಹಾಕಿಕೊಂಡೆ. ಬೆಳಿಗ್ಗೆ ನಿಂತಿದ್ದ ಅದೇ ಗಿಡಕ್ಕೆ ಅತ್ತಿಗೆ ನನ್ನನ್ನು ಕರೆದುಕೊಂಡು ಹೋದರು. ಅದೇ ದಪ್ಪ ರೆಂಬೆಯನ್ನು ಬಲಗೈಯಲ್ಲಿ ಬಗ್ಗಿಸಿ ಬೆರಳಿಗೆ ಕೊಟ್ಟು, "ಬಿಗಿ" ಎಂದರು. ಬಿಗಿದೆ. ಆಮೇಲೆ ಗೋಣಿದಾರ ತೆಗೆದು ನನ್ನ ಮುಷ್ಟಿ, ಪಟ್ಟಿ ಎಲ್ಲ ಸೇರಿಸಿ ಸುತ್ತಿ, ಒಂದು ತುದಿ ಹಲ್ಲಿನಲ್ಲಿ ಹಿಡಿದು ಬಲವಾದ ಗಂಟು ಹಾಕಿದರು. "ನಾನು ಹಲ್ಲಲ್ಲಿ ಬಿಚ್ಕಂಡೆ. ನಿಂಗೆ ಅದೂ ಬ್ಯಾಡ. ಗುಂಡಿ ಐತಲ್ಲ, ಸರ್ಯಾಗಿ ಒತ್ತು" ಎಂದು ಹೇಳಿ ತಿರುಗಿ ನೋಡದೆ ಏರು ಹತ್ತಿ ಹೋದರು.

ನನಗೆ ನಗು ಬಂತು. ಗುಂಡಿ ಒತ್ತಿದೆ. ಬಿಡಲಿಲ್ಲ. ಹೆಬ್ಬೆರಳಿನಿಂದ ಜೋರಾಗಿ ಒತ್ತಿದೆ, ಅಂಗೈಯಲ್ಲಿ ಗುದ್ದಿದೆ. ರೆಂಬೆ ಎಳೆಯುತ್ತಿತ್ತು, ದಾರ ತಂತಿಯ ಹಾಗೆ ಬಿಗಿದಿತ್ತು, ಆ ಬಿಗಿತಕ್ಕೆ ನಾಲಿಗೆ ಹಲ್ಲಿಗೆ ಕಚ್ಚಿಕೊಂಡು ಕೂತಿತ್ತು. ಲೋಟ ವಾಪಸು ಎಳೆಯುವುದಿಲ್ಲ. ಮೊಟ್ಟೆ ಎಳೆಯುವುದಿಲ್ಲ. ನನ್ನ ಇಪ್ಪತ್ತು ವಸ್ತುಗಳಲ್ಲಿ ಒಂದೂ ಹಿಡಿದವನನ್ನು ಎಳೆಯುವಂಥದ್ದಾಗಿರಲಿಲ್ಲ. ಗಿಡದ ಮೇಲಿಂದ ಕೈ ತೆಗೆಯುವಾಗ ರೆಂಬೆ ಸಡಿಲವಾಗಿತ್ತು, ಅದಕ್ಕೇ ಬೆಣ್ಣೆಯಾಗಿತ್ತು.

ಅಷ್ಟು ತಿಳಿದ ಮೇಲೆ ಬಿಡಿಸಿಕೊಳ್ಳುವ ಉಪಾಯವೂ ತಿಳಿಯಬೇಕಿತ್ತು. ಆಗಲೇ ಕೆಳಗೆ ಏನೋ ಮುರಿದ ಸದ್ದಾಯಿತು. ಒಣ ರೆಂಬೆ ಬಿದ್ದಿರಬೇಕು. ನನಗೆ ಅದು ಒಣ ರೆಂಬೆ ಎಂದು ಅನ್ನಿಸಲಿಲ್ಲ. ಮೈಯೆಲ್ಲ ಬೆವತು ಹಿಂದಕ್ಕೆ ಜಗ್ಗಿದೆ. ಜಗ್ಗಿದಷ್ಟೂ ಬಿಗಿಯಿತು. ಗುಂಡಿ ಗುದ್ದಿ ಹೆಬ್ಬೆರಳಿನ ಉಗುರಿನಡಿ ರಕ್ತ ಬಂತು. "ಅತ್ಗೇ" ಎಂದು ಕೂಗಿದೆ. ಯಾರೂ ಬರಲಿಲ್ಲ. ಅಷ್ಟು ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಆನೆಯಲ್ಲ, ಪಲ್ಪರಿನ ಡ್ರಮ್ಮು. ಅವತ್ತು ಅತ್ತಿಗೆಯೂ ಹೀಗೇ ಹಿಂದಕ್ಕೆ ಜಗ್ಗಿರಬೇಕು. ಕೋಲಿನಲ್ಲಿ ಒತ್ತಿ ಎಂದಿದ್ದೆ, ಅಣ್ಣ ಹೇಳಿದ್ದ ಎಂದೆಲ್ಲ ಒಂದು ವರ್ಷ ಕೂಗಾಡಿದವನಿಗೆ ಅಲ್ಲಿ ನಿಂತು ಒಂದು ಮಾತೂ ಹೊಳೆಯಲಿಲ್ಲ. ಜಾಲರಿ ಬಿಚ್ಚಿದವನು ನಾನು. ಅದನ್ನು ಇಟ್ಟಿರುವುದು ಯಾತಕ್ಕೆ ಎಂದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಸ್ವಲ್ಪ ಹೊತ್ತಿಗೆ ಉಸಿರು ಇಳಿಯಿತು. ಜಗ್ಗುವುದನ್ನು ಬಿಟ್ಟು ಮುಂದಕ್ಕೆ ಹೋಗಿ, ರೆಂಬೆಯನ್ನು ಎದೆಯಿಂದ ಒತ್ತಿ ಹಿಡಿದು ದಾರ ಸಡಿಲ ಮಾಡಿ ಗುಂಡಿ ಒತ್ತಿದೆ. ಬಿಟ್ಟಿತು. ತಣ್ಣಗಿರುವವನು ಅದನ್ನು ಮಾಡಬಲ್ಲ. ಹೆದರಿದವನು ಮಾಡುವುದು ಒಂದನ್ನೇ, ಹಿಂದಕ್ಕೆ ಜಗ್ಗುವುದು. ಹಾಗಾದರೆ ಆ ಕೈ ಜಗ್ಗಿದರೇ ಬಿಡಬೇಕು.

ಇದು ನನಗೆ ಹೊಸ ವಿದ್ಯೆಯಲ್ಲ. ಟಿಲ್ಲರಿನ ಹಲ್ಲಿಗೆ ಬಂಡೆ ಸಿಕ್ಕರೆ ಗೇರು ಒಡೆಯಬಾರದೆಂದು ಒಂದು ಮೆತ್ತನೆಯ ಪಿನ್ನು ಹಾಕಿರುತ್ತಾರೆ, ಅದು ಮೊದಲು ಮುರಿಯುತ್ತದೆ. ಅಂಥ ಪಿನ್ನುಗಳನ್ನು ಎಷ್ಟೋ ಬದಲಾಯಿಸಿದ್ದೇನೆ. ಗೇರಿಗೆ ಇರುವ ಆ ಕಾಳಜಿಯನ್ನು ಮನುಷ್ಯರಿಗೆ ಇಡಬೇಕೆಂದು ತೋಚಿರಲಿಲ್ಲ. ಮುಖ್ಯ ದಾರವನ್ನು ನಡುವೆ ಕತ್ತರಿಸಿ ಎರಡು ಕೊಕ್ಕೆ ಹಾಕಿದೆ. ಕೊಕ್ಕೆಗಳ ನಡುವೆ ತೆಳು ಗಾಳದ ದಾರದ ಗೇಣಿಗಿಂತ ಸಣ್ಣ ತುಂಡು, ಎರಡು ತುದಿಗೂ ಕುಣಿಕೆ. ರೆಂಬೆ ಹಿಡಿಯಲು ದಾರದಲ್ಲಿ ಎಂಟು ಕೆಜಿ ಎಳೆತ ಸಾಕು. ಈ ತುಂಡು ಹನ್ನೆರಡರ ಆಸುಪಾಸಿಗೆ ಹರಿಯಬೇಕು. ದಾರ ಯಾವಾಗಲೂ ಹರಿಯುವುದು ಗಂಟಿನಲ್ಲಿ, ಆದ್ದರಿಂದ ಯಾವ ಗಂಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದೇ ಥರದ ಗಂಟು ಹಾಕಿ ಕಾಟಾಕ್ಕೆ ಸಿಕ್ಕಿಸಿ ಇಪ್ಪತ್ತು ತುಂಡು ಹರಿದು ನೋಡಿದೆ. ಹನ್ನೊಂದರಿಂದ ಹದಿಮೂರರೊಳಗೆ ಎಲ್ಲ ಹರಿದವು.

ಮೂರನೇ ದಿನ ಅತ್ತಿಗೆಯ ತೋಟಕ್ಕೆ ತೆಗೆದುಕೊಂಡು ಹೋದೆ. ಅವರು ಕೈ ತೊಟ್ಟು, ಆ ರೆಂಬೆ ಹಿಡಿದು ಲಾಕು ಮಾಡಿ, ಅರ್ಧ ರೆಂಬೆ ಹಣ್ಣು ಬಿಡಿಸಿದರು. ಆಮೇಲೆ ನನ್ನ ಕಡೆ ನೋಡದೆ, ಇದ್ದ ಬಲವೆಲ್ಲ ಹಾಕಿ ಹಿಂದಕ್ಕೆ ಜಿಗಿದರು. ಟಪ್ ಎಂದು ದಾರ ಹರಿಯಿತು, ಎಲಾಸ್ಟಿಕ್ ಬೆರಳನ್ನು ತೆರೆಯಿತು, ರೆಂಬೆ ಚಿಮ್ಮಿತು, ಅತ್ತಿಗೆ ಹಣ್ಣಿನ ಸಮೇತ ತರಗೆಲೆಯ ಮೇಲೆ ಕೂತುಬಿಟ್ಟರು. ಎದ್ದು ಸೀರೆ ಕೊಡವಿ ಇನ್ನೊಂದು ತುಂಡು ಸಿಕ್ಕಿಸಿ ಮತ್ತೆ ಜಿಗಿದರು. ಮೂರು ಸಲ. ಮೂರೂ ಸಲ ಬಿಟ್ಟಿತು.

ಇಷ್ಟು ದಿನ ಆಡಬೇಕಾಗಿದ್ದ ಮಾತು ಆಡಿದೆ. "ಅತ್ಗೆ, ಜಾಲರಿ ಬಿಚ್ಚಿದ್ದು ನಂದೇ ತಪ್ಪು."

ಅವರು ನೆಲದಲ್ಲಿ ಬಿದ್ದಿದ್ದ ಹರಿದ ದಾರಗಳನ್ನು ಆರಿಸುತ್ತಿದ್ದರು. "ಹ್ಞೂಂ" ಎಂದರು, ಅಷ್ಟೇ.

"ದಾರ ಹರಿದಾಗ ಹೇಳಿ ಕಳ್ಸಿ, ನಾನ್ ಬಂದು ಕಟ್ಟಿಕೊಡ್ತೀನಿ. ದಿನಾ ಬೇಕಾದ್ರೂ ಬರ್ತೀನಿ" ಎಂದೆ.

"ಆ ಗಂಟು ಹೆಂಗೆ, ತೋರ್ಸು" ಎಂದರು. ತೋರಿಸಿದೆ. ನನ್ನ ಕೈಯಿಂದ ದಾರದ ಉಂಡೆ ತೆಗೆದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ದಾರದ ಒಂದು ತುದಿ ಕಾಲಿನ ಹೆಬ್ಬೆಟ್ಟಿನಡಿ, ಇನ್ನೊಂದು ಹಲ್ಲಿನಲ್ಲಿ, ನಡುವೆ ಬಲಗೈ. ಮೊದಲ ಗಂಟು ಜಾರಿತು. ಎರಡನೆಯದೂ ಜಾರಿತು. ನಾನು ಸಹಾಯಕ್ಕೆ ಬಗ್ಗಿದೆ, ಅವರು ಭುಜದಿಂದ ನನ್ನನ್ನು ತಳ್ಳಿದರು. ಏಳನೆಯದೋ ಎಂಟನೆಯದೋ ನಿಂತಿತು. ಮನೆಗೆ ಹೋಗಿ ಹಣ್ಣು ತೂಗುವ ಕಾಟಾ ತಂದು, ಮರದ ಮೊಳೆಗೆ ನೇತುಹಾಕಿ, ತಾವು ಕಟ್ಟಿದ ತುಂಡನ್ನು ಎಳೆದು ಹರಿದು ಮುಳ್ಳು ನೋಡಿದರು. ಹನ್ನೆರಡು. ಇನ್ನೊಂದು ಕಟ್ಟಿ ಕೊಕ್ಕೆಗೆ ಸಿಕ್ಕಿಸಿದರು, ರೆಂಬೆ ಬಗ್ಗಿಸಿ ಹಿಡಿದರು, ಹಣ್ಣು ಬಿಡಿಸತೊಡಗಿದರು.

ಬಿಡಿಸುತ್ತಲೇ, ದನಿ ಏರಿಸದೆ, ಹೇಳಿದರು. "ಇನ್ಮ್ಯಾಕೆ ಇದ್ಕೆ ನೀನ್ ಬ್ಯಾಡ. ಈ ಕಡೆ ಬರ್ಬ್ಯಾಡ."

ಸೋಮವಾರದಿಂದ ಅವರು ಮುಯ್ಯಿ ತೀರಿಸಲು ಆರು ತೋಟಕ್ಕೂ ಹೋದರು. ಆ ಕೈ ನೋಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ದಾರ ಎಲ್ಲಿ ಸವೆಯುತ್ತಿದೆ, ಟ್ಯೂಬು ಕಿತ್ತಿದೆಯೇ, ಹಲ್ಲು ಮೊಂಡಾಗಿದೆಯೇ ಎಂದು. ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದು ಹೆಂಡತಿ ಹೇಳುತ್ತಾಳೆ.